ಡಿಸ್ಚಾರ್ಜ್ ಸಮರಿಯ ಮೊದಲ ಪುಟದಲ್ಲಿ ಏನಿರಬೇಕು?

ದೊಡ್ಡ ಆಸ್ಪತ್ರೆಯಿಂದ ಮನೆಗೆ ಬಂದವರು ನಾಲ್ಕೈದು ದಿನದೊಳಗೆ ದಪ್ಪ ಫೈಲೊಂದನ್ನು ಹಿಡಿದುಕೊಂಡು ಊರಿನ ಡಾಕ್ಟರ ಮುಂದೆ ಬಂದು ಕೂರುತ್ತಾರೆ. "ಬೆಂಗಳೂರಲ್ಲಿ ಎಲ್ಲಾ ಬರ್ದು ಕೊಟ್ಟಿದಾರೆ ಡಾಕ್ಟ್ರೇ, ನೀವೇ ಒಂದ್ಸಲ ನೋಡ್ಬಿಡಿ" ಎನ್ನುತ್ತಾರೆ. ಹೊರಗೆ ಬೆಂಚಿನ ಮೇಲೆ ಇನ್ನೂ ಇಪ್ಪತ್ತು ಜನ ಕಾಯುತ್ತಿರುತ್ತಾರೆ. ಡಾಕ್ಟರು ಫೈಲು ಬಿಚ್ಚಿ ಪುಟ ತಿರುವುತ್ತಾರೆ. ಮೊದಲ ಪುಟದಲ್ಲಿ ಆಸ್ಪತ್ರೆಯ ಹೆಸರು, ರೋಗಿಯ ವಿಳಾಸ, ದಾಖಲಾದ ಗಂಟೆ ನಿಮಿಷ. ಎರಡನೆಯದರಲ್ಲಿ ಬಂದಾಗ ಇದ್ದ ನಾಡಿ, ಬಿಪಿ. ಮೂರು, ನಾಲ್ಕರಲ್ಲಿ ಸಾಲುಸಾಲು ರಕ್ತಪರೀಕ್ಷೆಯ ಅಂಕಿಗಳು. ಇನ್ನು ಮುಂದೆ ತಾವು ಮಾಡಬೇಕಾದ್ದೇನು ಎಂದು ಅವರು ಹುಡುಕುತ್ತಿರುವ ಮಾತು ಕೊನೆಯ ಪುಟದ ಬುಡದಲ್ಲಿ, ಊಟದ ಪಥ್ಯದ ಸೂಚನೆಯ ಕೆಳಗೆ, ಒಂದೂವರೆ ಸಾಲಿನಲ್ಲಿ ಮುಗಿದಿರುತ್ತದೆ.

ಡಿಸ್ಚಾರ್ಜ್ ಸಮರಿಯನ್ನು ಆಸ್ಪತ್ರೆಗಳು ನಡೆದುಹೋದದ್ದರ ದಾಖಲೆಯಾಗಿ ಬರೆಯುತ್ತವೆ. ವಿಮೆ ಕಂಪನಿಗೆ, ಆಸ್ಪತ್ರೆಯ ರೆಕಾರ್ಡ್ ವಿಭಾಗಕ್ಕೆ, ನಾಳೆ ಕೋರ್ಟು ಕಚೇರಿ ಎಂದಾದರೆ ವಕೀಲರಿಗೆ ಅದು ಸಾಕು. ಊರಿನ ಡಾಕ್ಟರಿಗೆ ಬೇಕಾದ್ದು ಬೇರೆ. ಇನ್ನೂ ಬರಬೇಕಾದ ರಿಪೋರ್ಟ್ ಯಾವುದು, ಅದು ಬಂದಾಗ ಏನು ಮಾಡಬೇಕು, ಯಾವ ತಾರೀಕಿನೊಳಗೆ, ಯಾರು. ಇಷ್ಟು ಮೊದಲ ಅರ್ಧ ಪುಟದಲ್ಲಿ ಸಿಕ್ಕರೆ ಉಳಿದ ಏಳು ಪುಟವನ್ನು ಅವರು ನಿಧಾನವಾಗಿ ಓದಿಕೊಳ್ಳಬಲ್ಲರು.

ಈ ಕಾಗದವನ್ನು ಯಾರು, ಯಾವಾಗ ಬರೆಯುತ್ತಾರೆ ಎನ್ನುವುದು ಗೊತ್ತಾದರೆ ಅದು ಹೀಗೇಕಿದೆ ಎನ್ನುವುದೂ ತಿಳಿಯುತ್ತದೆ. ಬೆಳಗಿನ ರೌಂಡ್ಸ್‌ನಲ್ಲಿ ಹಿರಿಯ ಡಾಕ್ಟರು "ಇವತ್ತು ಕಳಿಸಿಬಿಡಿ" ಎಂದು ಮುಂದಿನ ಹಾಸಿಗೆಗೆ ಹೋಗುತ್ತಾರೆ. ಬರೆಯುವ ಕೆಲಸ ವಾರ್ಡಿನ ಕಿರಿಯ ಡಾಕ್ಟರ ಪಾಲಿಗೆ ಬರುತ್ತದೆ. ರಾತ್ರಿ ಪಾಳಿ ಮುಗಿಸಿ ಕೂತಿರುವ ಆತನೋ ಆಕೆಯೋ ಹಿಂದಿನ ರೋಗಿಯ ಫೈಲನ್ನು ಕಂಪ್ಯೂಟರಿನಲ್ಲಿ ತೆರೆದು, ಹೆಸರು ಬದಲಿಸಿ, ಲ್ಯಾಬಿನ ಅಂಕಿಗಳನ್ನು ಎತ್ತಿ ಅಂಟಿಸುತ್ತಾರೆ. ಕೆಳಗೆ ಬಿಲ್ಲಿಂಗ್ ಕೌಂಟರಿನವರು ಸಮರಿ ಬಾರದೆ ವಿಮೆಯ ಮಂಜೂರಾತಿಗೆ ಕಳಿಸುವಂತಿಲ್ಲ ಎಂದು ಫೋನು ಮಾಡುತ್ತಿರುತ್ತಾರೆ. ಮಧ್ಯಾಹ್ನದೊಳಗೆ ಹಾಸಿಗೆ ಖಾಲಿಯಾಗಬೇಕು. ಈ ಗಡಿಬಿಡಿಯಲ್ಲಿ ಕಂಪ್ಯೂಟರಿನಲ್ಲಿ ಆಗಲೇ ಇರುವ ಅಂಕಿಗಳೆಲ್ಲ ಕಾಗದಕ್ಕೆ ಬರುತ್ತವೆ. ಇನ್ನೂ ಬಾರದ ರಿಪೋರ್ಟನ್ನು ಕಂಪ್ಯೂಟರು ತಾನಾಗಿ ತೋರಿಸುವುದಿಲ್ಲ, ಯಾರಾದರೂ ನೆನಪಿಟ್ಟು ಬರೆಯಬೇಕು. ಅದೇ ಬಿಟ್ಟುಹೋಗುತ್ತದೆ.

ಇದು ನಮ್ಮಲ್ಲಿ ಮಾತ್ರ ನಡೆಯುವುದಲ್ಲ. ಅಮೆರಿಕದ ಬಾಸ್ಟನ್‌ನ ಎರಡು ಆಸ್ಪತ್ರೆಗಳಲ್ಲಿ ನಡೆದ, 2005ರಲ್ಲಿ ಪ್ರಕಟವಾದ ಅಧ್ಯಯನವೊಂದು ಮನೆಗೆ ಹೋದ 2,644 ರೋಗಿಗಳನ್ನು ಗಮನಿಸಿತು. ಅವರಲ್ಲಿ ನೂರಕ್ಕೆ 41 ಮಂದಿಯ ಒಂದಲ್ಲ ಒಂದು ರಿಪೋರ್ಟ್ ಅವರು ಹೊರಟ ಮೇಲೆ ಬಂತು. ಚಿಕಿತ್ಸೆಯನ್ನೇ ಬದಲಿಸಬೇಕಾಗಬಹುದಾದಂಥವು ಆ ರಿಪೋರ್ಟುಗಳಲ್ಲಿ ನೂರಕ್ಕೆ ಒಂಬತ್ತರಷ್ಟು. ಅಂಥ ರಿಪೋರ್ಟುಗಳ ಬಗ್ಗೆ ಸಂಬಂಧಪಟ್ಟ ಡಾಕ್ಟರುಗಳನ್ನು ವಿಚಾರಿಸಿದಾಗ ಹತ್ತರಲ್ಲಿ ಆರಕ್ಕಿಂತ ಹೆಚ್ಚು ಸಲ ಅವರಿಗೆ ಅದು ಬಂದಿರುವುದೇ ಗೊತ್ತಿರಲಿಲ್ಲ. ನಾಲ್ಕು ವರ್ಷದ ಬಳಿಕ ಬಂದ ಇನ್ನೊಂದು ಅಮೆರಿಕನ್ ಅಧ್ಯಯನ ಡಿಸ್ಚಾರ್ಜ್ ಸಮರಿಗಳನ್ನೇ ಓದಿ ನೋಡಿತು. ಬಾಕಿ ಇದ್ದ ಪರೀಕ್ಷೆಗಳಲ್ಲಿ ನೂರಕ್ಕೆ 16 ಮಾತ್ರ ಅದರಲ್ಲಿ ನಮೂದಾಗಿದ್ದವು. ಒಳ್ಳೆಯ ಕಂಪ್ಯೂಟರ್ ವ್ಯವಸ್ಥೆ ಇದ್ದ ಕಡೆಯ ಕಥೆ ಇದು.

ಒಬ್ಬ ರೋಗಿಯನ್ನು ಕಲ್ಪಿಸಿಕೊಂಡು ಈ ವಿಷಯ ನೋಡೋಣ. ಹೆಸರು ಶಿವಣ್ಣ ಎಂದಿರಲಿ, ಅರಸೀಕೆರೆ ಕಡೆಯವರು, 63 ವರ್ಷ. ಮೂರು ವರ್ಷದ ಹಿಂದೆ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡಿದ್ದಾರೆ, ಅಂದಿನಿಂದ ದಿನಕ್ಕೊಂದು ಆಸ್ಪಿರಿನ್ ಮಾತ್ರೆ. ಮಂಡಿನೋವಿಗೆಂದು ಎರಡು ತಿಂಗಳಿಂದ ಮೆಡಿಕಲ್ ಶಾಪಿನಲ್ಲಿ ಡೈಕ್ಲೊಫೆನಾಕ್ ಕೇಳಿ ತಂದು ನುಂಗುತ್ತಿದ್ದರು. ಜೂನ್ 9ರಂದು ಮಲ ಡಾಂಬರಿನಂತೆ ಕಪ್ಪಾಯಿತು, ತಲೆಸುತ್ತಿ ಬಿದ್ದರು. ಮಗ ಬೆಂಗಳೂರಿಗೆ ಕರೆದುಕೊಂಡು ಹೋಗಿ ಸೇರಿಸಿದ. ಹಿಮೋಗ್ಲೋಬಿನ್ 6.8ಕ್ಕೆ ಇಳಿದಿತ್ತು, ಎರಡು ಬಾಟಲಿ ರಕ್ತ ಕೊಟ್ಟರು. 10ರಂದು ಎಂಡೋಸ್ಕೋಪಿ ಮಾಡಿದಾಗ ಜಠರದಲ್ಲಿ ಒಂದು ಹುಣ್ಣು ಕಂಡಿತು, ಅದರಿಂದ ರಕ್ತ ಜಿನುಗುತ್ತಿತ್ತು. ಕ್ಲಿಪ್ ಹಾಕಿ ನಿಲ್ಲಿಸಿದರು. ಹುಣ್ಣಿನ ಅಂಚಿನಿಂದ ಚೂರು ತೆಗೆದು ಬಯಾಪ್ಸಿಗೆ ಕಳಿಸಿದರು. 13ರಂದು ಮನೆಗೆ ಕಳಿಸುವಾಗ ಹಿಮೋಗ್ಲೋಬಿನ್ 8.7.

ಚಿಕಿತ್ಸೆಯಲ್ಲಿ ತಪ್ಪು ಹುಡುಕುವಂಥದ್ದು ಏನೂ ಇಲ್ಲ. ಆದರೆ ಕೈಗೆ ಕೊಟ್ಟ ಸಮರಿಯ ಕೊನೆಯಲ್ಲಿ ಸಾಮಾನ್ಯವಾಗಿ ಇರುವ ಮಾತುಗಳು ಇವು: "ಎಚ್‌ಪಿಇ ರಿಪೋರ್ಟ್ ಅವೇಟೆಡ್. ಟ್ಯಾಬ್ ಆಸ್ಪಿರಿನ್ ವಿತ್‌ಹೆಲ್ಡ್. ರಿವ್ಯೂ ಇನ್ ಓಪಿಡಿ ಆಫ್ಟರ್ ಒನ್ ವೀಕ್ ಆರ್ ಎಸ್‌ಒಎಸ್." ಬಯಾಪ್ಸಿ ರಿಪೋರ್ಟ್ ಬರಬೇಕಿದೆ, ಆಸ್ಪಿರಿನ್ ತಡೆಹಿಡಿಯಲಾಗಿದೆ, ವಾರ ಬಿಟ್ಟು ಅಥವಾ ತೊಂದರೆಯಾದರೆ ಬನ್ನಿ. ಒಂದೊಂದು ಮಾತೂ ನಿಜವೇ. ಅಷ್ಟನ್ನೇ ಇಟ್ಟುಕೊಂಡು ಅರಸೀಕೆರೆಯ ಡಾಕ್ಟರು ಏನೂ ಮಾಡಲಾರರು.

ಆಸ್ಪಿರಿನ್ ವಿಷಯ ಮೊದಲು, ಏಕೆಂದರೆ ಅಪಾಯ ಬೇಗ ಬರುವುದು ಅಲ್ಲಿಂದ. ಹುಣ್ಣಿನಿಂದ ರಕ್ತ ಸೋರುತ್ತಿರುವಾಗ ಆಸ್ಪಿರಿನ್ ನಿಲ್ಲಿಸಿದ್ದು ಸರಿ. ಆದರೆ ಸ್ಟೆಂಟ್ ಇರುವವರಲ್ಲಿ ಅದನ್ನು ಬಹಳ ದಿನ ನಿಲ್ಲಿಸುವಂತಿಲ್ಲ, ಹೃದಯಾಘಾತದ ಭಯ ಇರುತ್ತದೆ. ರಕ್ತಸ್ರಾವ ಹತೋಟಿಗೆ ಬಂದ ಮೇಲೆ ಕೆಲವೇ ದಿನಗಳಲ್ಲಿ, ಆಮ್ಲ ತಗ್ಗಿಸುವ ಮಾತ್ರೆಯ ಜೊತೆಗೆ, ಮತ್ತೆ ಶುರು ಮಾಡುವುದು ರೂಢಿ. ಎಂಡೋಸ್ಕೋಪಿ ಮಾಡಿದವರ ಮನಸ್ಸಿನಲ್ಲಿ ಆ ದಿನ ಇರುತ್ತದೆ, ಕಾಗದದಲ್ಲಿ ಇರುವುದಿಲ್ಲ. ಊರಿನ ಡಾಕ್ಟರು "ತಡೆಹಿಡಿಯಲಾಗಿದೆ" ಎಂದು ಓದಿ, ದೊಡ್ಡವರು ನಿಲ್ಲಿಸಿದ್ದನ್ನು ನಾನು ಶುರು ಮಾಡಿ ಮತ್ತೆ ರಕ್ತ ಬಂದರೆ ಗತಿಯೇನು ಎಂದು ಮುಟ್ಟದೆ ಬಿಡುತ್ತಾರೆ. ಅವರನ್ನು ದೂರುವಂತಿಲ್ಲ. ಇನ್ನೊಂದು ಕಡೆ, ಶಿವಣ್ಣನವರ ಮನೆಯ ಡಬ್ಬಿಯಲ್ಲಿ ಹಳೆಯ ಆಸ್ಪಿರಿನ್ ಹಾಗೇ ಇದೆ, ಡೈಕ್ಲೊಫೆನಾಕ್ ಕೂಡ ಇದೆ. ಯಾವುದು ನಾಲ್ಕು ದಿನಕ್ಕೆ ನಿಂತದ್ದು, ಯಾವುದು ಇನ್ನೆಂದೂ ಮುಟ್ಟಬಾರದ್ದು ಎಂದು ಅವರಿಗೆ ಯಾರೂ ಬರೆದುಕೊಟ್ಟಿಲ್ಲ. ಮಾತ್ರೆಗಳ ಪಟ್ಟಿಯಲ್ಲಿ ಹೊಸದಾಗಿ ಕೊಟ್ಟವು ಇರುತ್ತವೆ, ನಿಲ್ಲಿಸಿದವು ಸುಮ್ಮನೆ ಮಾಯವಾಗಿರುತ್ತವೆ. ಪಟ್ಟಿಯಲ್ಲಿ ಇಲ್ಲದ ಮಾತ್ರೆಯನ್ನು ಬೇಕೆಂದೇ ಬಿಟ್ಟರೋ, ಬರೆಯಲು ಮರೆತರೋ? ಓದುವವರಿಗೆ ತಿಳಿಯುವ ದಾರಿಯೇ ಇಲ್ಲ. ಆದ್ದರಿಂದ ನಿಲ್ಲಿಸಿದ ಪ್ರತಿಯೊಂದು ಮಾತ್ರೆಯನ್ನೂ ಹೆಸರು ಹಿಡಿದು, ಕಾರಣ ಹೇಳಿ, ಮತ್ತೆ ಶುರುವಾಗುವ ತಾರೀಕು ಹಾಕಿ ಬರೆಯಬೇಕು. ತಾರೀಕು ಇಲ್ಲದಿದ್ದರೆ "ಇನ್ನು ಮುಂದೆ ಬೇಡ" ಎಂದು ಬರೆಯಬೇಕು.

ಬಯಾಪ್ಸಿಯ ವಿಷಯ ಇದಕ್ಕಿಂತ ಸೂಕ್ಷ್ಮ. ಜಠರದ ಹುಣ್ಣಿನ ಚೂರನ್ನು ಎರಡು ಪ್ರಶ್ನೆ ಇಟ್ಟುಕೊಂಡು ಕಳಿಸಿರುತ್ತಾರೆ. ಹುಣ್ಣಿನಂತೆ ಕಾಣುವ ಕ್ಯಾನ್ಸರ್ ಇರಬಹುದೇ ಎನ್ನುವುದು ಒಂದು, ಹೆಲಿಕೊಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಇದೆಯೇ ಎನ್ನುವುದು ಇನ್ನೊಂದು. ಬ್ಯಾಕ್ಟೀರಿಯಾ ಇದೆ ಎಂದು ಬಂದರೆ ಎರಡು ವಾರದ ಆಂಟಿಬಯಾಟಿಕ್ ಕೋರ್ಸು ಬೇಕು, ಇಲ್ಲದಿದ್ದರೆ ಹುಣ್ಣು ಮರುಕಳಿಸುತ್ತದೆ. ಇಲ್ಲಿ ತಜ್ಞರಿಗೆ ಗೊತ್ತಿದ್ದು ಊರಿನ ಡಾಕ್ಟರಿಗೆ ಹೊಳೆಯದೇ ಹೋಗಬಹುದಾದ ಒಂದು ಸಂಗತಿ ಇದೆ. ರಕ್ತ ಸೋರುತ್ತಿರುವಾಗ ತೆಗೆದ ಚೂರಿನಲ್ಲಿ, ಅದರಲ್ಲೂ ಆಮ್ಲ ತಗ್ಗಿಸುವ ಮದ್ದು ಕೊಟ್ಟ ಮೇಲೆ, ಈ ಬ್ಯಾಕ್ಟೀರಿಯಾ ಇದ್ದರೂ ಕಾಣಿಸದೆ ಹೋಗುವುದುಂಟು. "ಇದೆ" ಎಂದು ಬಂದರೆ ನಂಬಬಹುದು. "ಇಲ್ಲ" ಎಂದು ಬಂದರೆ ಇನ್ನೊಮ್ಮೆ ಪರೀಕ್ಷಿಸಬೇಕು. ಬರೀ "ರಿಪೋರ್ಟ್ ಬರಬೇಕಿದೆ" ಎಂದು ಬರೆದರೆ ಈ ತಿಳಿವಳಿಕೆ ಆಸ್ಪತ್ರೆಯಲ್ಲೇ ಉಳಿದುಬಿಡುತ್ತದೆ. ರಿಪೋರ್ಟಿನಲ್ಲಿ "ಇಲ್ಲ" ಎಂದು ಕಂಡ ಕೂಡಲೇ ಎಲ್ಲರೂ ನಿಟ್ಟುಸಿರುಬಿಟ್ಟು ಮರೆಯುತ್ತಾರೆ.

ರಿಪೋರ್ಟ್ ಕೈಗೆ ಸಿಗುವುದೂ ಸುಲಭವಲ್ಲ. ದಾಖಲಾಗುವಾಗ ಗಾಬರಿಯಲ್ಲಿ ಕೊಟ್ಟ ಮೊಬೈಲ್ ನಂಬರು ಜೊತೆಗೆ ಬಂದಿದ್ದ ನೆಂಟರದ್ದಾಗಿರುತ್ತದೆ, ಎಸ್‌ಎಂಎಸ್ ಅವರಿಗೆ ಹೋಗಿರುತ್ತದೆ. ಫೋನು ಮಾಡಿದರೆ ಲ್ಯಾಬಿನವರು ಬಯಾಪ್ಸಿ ನಂಬರು ಕೇಳುತ್ತಾರೆ, ಮಗನ ಕೈಲಿ ಇರುವುದು ಅಡ್ಮಿಷನ್ ನಂಬರು. ಸಮರಿಯ ತಲೆಯ ಮೇಲೆ ಅಚ್ಚಾಗಿರುವ ಫೋನು ರಿಸೆಪ್ಷನ್ನಿನದು. ಅಲ್ಲಿಂದ ಪೆಥಾಲಜಿಗೆ, ಪೆಥಾಲಜಿಯಿಂದ ವಾರ್ಡಿಗೆ, ವಾರ್ಡಿನಿಂದ ಮತ್ತೆ ರಿಸೆಪ್ಷನ್ನಿಗೆ. ಇಷ್ಟು ಸುತ್ತುವ ಹೊತ್ತಿಗೆ ಊರಿನ ಡಾಕ್ಟರು ಕೈಚೆಲ್ಲುತ್ತಾರೆ. ಮಾದರಿಯ ನಂಬರು, ವಿಭಾಗದ ನೇರ ಫೋನು, ಯಾವ ಗಂಟೆಯಲ್ಲಿ ಸಿಗುತ್ತಾರೆ ಎನ್ನುವುದು ಕಾಗದದಲ್ಲಿದ್ದರೆ ಎರಡು ನಿಮಿಷದ ಕೆಲಸ.

ಹೀಗೆಲ್ಲ ಯೋಚಿಸಿ ಬರೆದರೆ ಶಿವಣ್ಣನವರ ಸಮರಿಯ ಮೊದಲ ಪುಟ ಹೀಗಿರುತ್ತದೆ. ಆಸ್ಪತ್ರೆಗಳು ಇದನ್ನು ಇಂಗ್ಲಿಷಿನಲ್ಲೇ ಬರೆಯುತ್ತವೆ, ಓದುಗರಿಗಾಗಿ ನಾನು ಕನ್ನಡದಲ್ಲಿ ಬರೆದಿದ್ದೇನೆ.

ಕಾಯಿಲೆ: ಜಠರದ ಹುಣ್ಣಿನಿಂದ ರಕ್ತಸ್ರಾವ (ಆಸ್ಪಿರಿನ್ ಮತ್ತು ಡೈಕ್ಲೊಫೆನಾಕ್ ಒಟ್ಟಿಗೆ ತೆಗೆದುಕೊಂಡದ್ದು ಕಾರಣವಿರಬಹುದು). ಜೂನ್ 10ರಂದು ಕ್ಲಿಪ್ ಹಾಕಿದ ಮೇಲೆ ಮತ್ತೆ ರಕ್ತ ಬಂದಿಲ್ಲ. ಮನೆಗೆ ಹೋಗುವಾಗ ಹಿಮೋಗ್ಲೋಬಿನ್ 8.7.

ಬರಬೇಕಾದ ರಿಪೋರ್ಟ್: ಹುಣ್ಣಿನ ಬಯಾಪ್ಸಿ, ಜೂನ್ 10ರಂದು ಕಳಿಸಿದ್ದು, ಮಾದರಿಯ ನಂಬರು ಇಂತಿಷ್ಟು. ಜೂನ್ 18ರೊಳಗೆ ಬರಬೇಕು. ನೋಡುವ ಜವಾಬ್ದಾರಿ ನಮ್ಮ ಗ್ಯಾಸ್ಟ್ರೋ ವಿಭಾಗದ್ದು, ಬಂದ ದಿನವೇ ನಿಮಗೂ ರೋಗಿಯ ಮಗನಿಗೂ ಫೋನು ಮಾಡುತ್ತೇವೆ. 20ರವರೆಗೆ ಫೋನು ಬಾರದಿದ್ದರೆ ದಯವಿಟ್ಟು ಈ ನಂಬರಿಗೆ ಮಧ್ಯಾಹ್ನ 2ರಿಂದ 4ರೊಳಗೆ ಕರೆ ಮಾಡಿ. ಪೈಲೋರಿ ಇದ್ದರೆ 14 ದಿನದ ಕೋರ್ಸು ಶುರು ಮಾಡಿ, ಚೀಟಿ ಲಗತ್ತಿಸಿದೆ. ಇಲ್ಲವೆಂದು ಬಂದರೂ ಅಂತಿಮವಲ್ಲ, ಮರು ಎಂಡೋಸ್ಕೋಪಿಯಲ್ಲಿ ಮತ್ತೆ ನೋಡುತ್ತೇವೆ. ಬೇರೆ ಏನೇ ಇದ್ದರೂ ನಾವೇ ಕರೆಸಿಕೊಳ್ಳುತ್ತೇವೆ.

ಮಾತ್ರೆಗಳಲ್ಲಿ ಬದಲಾವಣೆ: ಆಸ್ಪಿರಿನ್ ಜೂನ್ 9ರಿಂದ ನಿಲ್ಲಿಸಿದೆ, ಜೂನ್ 14ರಿಂದ ಮತ್ತೆ ಶುರು. ಡೈಕ್ಲೊಫೆನಾಕ್ ಮತ್ತು ಆ ಜಾತಿಯ ಯಾವ ನೋವಿನ ಮಾತ್ರೆಯೂ ಇನ್ನು ಬೇಡ, ಮಂಡಿನೋವಿಗೆ ಪ್ಯಾರಾಸಿಟಮಾಲ್. ಹೊಸದು: ಪ್ಯಾಂಟೊಪ್ರಜೋಲ್ 40 ಮಿಲಿಗ್ರಾಂ ಎರಡು ಹೊತ್ತು, ಎರಡು ವಾರದ ಬಳಿಕ ಒಂದು ಹೊತ್ತು. ಆಸ್ಪಿರಿನ್ ಇರುವವರೆಗೂ ಇದನ್ನು ನಿಲ್ಲಿಸಬಾರದು. ಕಬ್ಬಿಣದ ಮಾತ್ರೆ ದಿನಕ್ಕೊಂದು.

ನೀವು ಮಾಡಬೇಕಾದ್ದು: ಜೂನ್ 20ರಂದು ಹಿಮೋಗ್ಲೋಬಿನ್. 8ಕ್ಕಿಂತ ಕೆಳಗಿದ್ದರೆ ಅದೇ ದಿನ ಕಳಿಸಿಕೊಡಿ. ಇಲ್ಲದಿದ್ದರೆ ನಾಲ್ಕು ವಾರದ ಬಳಿಕ ಇನ್ನೊಮ್ಮೆ.

ನಾವು ಮಾಡುವುದು: ಹುಣ್ಣು ಮಾಯ್ದಿದೆಯೇ ಎಂದು ನೋಡಲು ಆಗಸ್ಟ್ 5ರಿಂದ 12ರೊಳಗೆ ಮರು ಎಂಡೋಸ್ಕೋಪಿ.

ಇದನ್ನು ಬರೆಯಲು ಹದಿನೈದು ನಿಮಿಷ ಬೇಕಾಗಬಹುದು. ಓದಲು ಒಂದೆರಡು ನಿಮಿಷ ಸಾಕು. ಇದರಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು "ನೀವು ಮಾಡಬೇಕಾದ್ದು", "ನಾವು ಮಾಡುವುದು" ಎಂದು ಕೆಲಸವನ್ನು ಪಾಲು ಮಾಡಿರುವುದು. "ಬಯಾಪ್ಸಿ ರಿಪೋರ್ಟ್ ನೋಡಿಕೊಳ್ಳುವುದು" ಎಂದು ಬರೆದರೆ ಯಾರು ನೋಡಿಕೊಳ್ಳಬೇಕು? ಆಸ್ಪತ್ರೆಯವರು ಊರಿನ ಡಾಕ್ಟರು ಎಂದುಕೊಳ್ಳುತ್ತಾರೆ, ಊರಿನ ಡಾಕ್ಟರು ಆಸ್ಪತ್ರೆಯವರು ಎಂದುಕೊಳ್ಳುತ್ತಾರೆ, ಇಬ್ಬರೂ ಮಗ ಎಂದುಕೊಳ್ಳುತ್ತಾರೆ. ಪರೀಕ್ಷೆ ಬರೆದುಕೊಟ್ಟವರೇ ಅದರ ಫಲಿತಾಂಶವನ್ನು ನೋಡಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಊರಿನ ಡಾಕ್ಟರಿಗೆ ಒಪ್ಪಿಸುವುದಾದರೆ ಫೋನು ಮಾಡಿ ಅವರಿಂದ ಹೂಂ ಎನಿಸಿಕೊಂಡು ಒಪ್ಪಿಸಬೇಕು. ಕಾಗದದಲ್ಲಿ ಬರೆದ ಮಾತ್ರಕ್ಕೆ ಜವಾಬ್ದಾರಿ ಕೈ ಬದಲಾಗುವುದಿಲ್ಲ.

ಹಿಮೋಗ್ಲೋಬಿನ್‌ಗೆ ಒಂದು ಅಂಕಿ ಕೊಟ್ಟಿರುವುದನ್ನೂ ಗಮನಿಸಿ. "ಹಿಮೋಗ್ಲೋಬಿನ್ ಪರೀಕ್ಷಿಸಿ" ಎಂದಷ್ಟೇ ಇದ್ದರೆ 20ರಂದು 8.2 ಬಂದಾಗ ಊರಿನ ಡಾಕ್ಟರು ಏನು ಮಾಡಬೇಕು? 8.7ರಿಂದ ಇಳಿದಿದೆ, ಆದರೆ ಲ್ಯಾಬಿನಿಂದ ಲ್ಯಾಬಿಗೆ ಅಷ್ಟು ವ್ಯತ್ಯಾಸ ಇರುತ್ತದೆ. ಮಲ ಕಪ್ಪಗಿದೆಯೇ ಎಂದು ಕೇಳಿದರೆ ಶಿವಣ್ಣ ಹೌದು ಎನ್ನುತ್ತಾರೆ. ಗಾಬರಿಯಾಗಿ ಗಾಡಿ ಮಾಡಿಕೊಂಡು ಬೆಂಗಳೂರಿಗೆ ಓಡುತ್ತಾರೆ. ಅಲ್ಲಿ ನೋಡಿದರೆ ಅದು ಕಬ್ಬಿಣದ ಮಾತ್ರೆಯ ಕಪ್ಪು. ಕಬ್ಬಿಣದಿಂದ ಮಲ ಕರಿಹಸಿರಾಗಿ ಗಟ್ಟಿಯಾಗಿರುತ್ತದೆ. ರಕ್ತ ಜಿನುಗಿದ್ದಾದರೆ ಡಾಂಬರಿನಂತೆ ಅಂಟಂಟಾಗಿ, ಹೊಳಪಾಗಿ, ತಡೆಯಲಾರದ ನಾತ. ಈ ಒಂದು ಸಾಲನ್ನು ಕನ್ನಡದಲ್ಲಿ ಮನೆಯವರಿಗಾಗಿ ಸಮರಿಯ ಜೊತೆ ಬರೆದುಕೊಟ್ಟರೆ ಎಷ್ಟೋ ಓಡಾಟ ತಪ್ಪುತ್ತದೆ. ತಲೆಸುತ್ತು, ಎದೆಬಡಿತ, ರಕ್ತವಾಂತಿ ಕಂಡರೆ ಮಾತ್ರ ಹಿಮೋಗ್ಲೋಬಿನ್‌ಗೂ ಕಾಯದೆ ಹೊರಡಬೇಕು ಎನ್ನುವುದೂ ಅದರಲ್ಲೇ ಇರಲಿ.

ಇಂಥ ಪುಟ ಬರೆಯಿರಿ ಎಂದರೆ ಆಸ್ಪತ್ರೆಯ ಡಾಕ್ಟರುಗಳು ಒಂದೆರಡು ತಕರಾರು ಎತ್ತುತ್ತಾರೆ. ಅದರಲ್ಲಿ ಒಂದು ನ್ಯಾಯವಾದದ್ದು. ನಮ್ಮಲ್ಲಿ ಫೈಲನ್ನು ಮನೆಮಂದಿಯೆಲ್ಲ ಓದುತ್ತಾರೆ, ಪಕ್ಕದ ಮನೆಯ ಬಿಎಸ್ಸಿ ಓದಿದ ಹುಡುಗನೂ ಓದಿ ಅರ್ಥ ಹೇಳುತ್ತಾನೆ. "ಕ್ಯಾನ್ಸರ್ ಇದ್ದರೆ ಹೀಗೆ ಮಾಡಿ" ಎಂದು ಬರೆದರೆ ರಿಪೋರ್ಟ್ ಬರುವ ಮೊದಲೇ ಮನೆಯಲ್ಲಿ ಊಟ ನಿದ್ದೆ ಬಿಡುತ್ತಾರೆ. ಅದಕ್ಕೇ ಮೇಲಿನ ಮಾದರಿಯಲ್ಲಿ "ಬೇರೆ ಏನೇ ಇದ್ದರೂ ನಾವೇ ಕರೆಸಿಕೊಳ್ಳುತ್ತೇವೆ" ಎಂದಿದೆ. ಓದುವ ಡಾಕ್ಟರಿಗೆ ಅದರ ಅರ್ಥ ಗೊತ್ತಾಗುತ್ತದೆ. ಅನುಮಾನ ಬಲವಾಗಿದ್ದರೆ ಹಿರಿಯ ಡಾಕ್ಟರು ರೋಗಿಯ ಎದುರು ಕೂತು ಹೇಳಬೇಕು, ಕಾಗದಕ್ಕೆ ಆ ಕೆಲಸ ವಹಿಸುವಂತಿಲ್ಲ. ಇನ್ನೊಂದು ತಕರಾರು, ಅಂಕಿ ತಾರೀಕು ಬರೆದರೆ ನಾಳೆ ನಮ್ಮ ತಲೆಗೆ ಬರುತ್ತದೆ ಎನ್ನುವುದು. "ರಿಪೋರ್ಟ್ ಅವೇಟೆಡ್" ಎಂದು ಬರೆದು, ಬಂದ ರಿಪೋರ್ಟನ್ನು ಯಾರೂ ತೆರೆದು ನೋಡದೆ ಇದ್ದರೆ ಅದಕ್ಕಿಂತ ದೊಡ್ಡ ತಲೆನೋವು ಬರುತ್ತದೆ.

ಈ ಮಾದರಿಗೂ ಮಿತಿಯಿದೆ. ಐದಾರು ಕಾಯಿಲೆ ಒಟ್ಟಿಗೆ ಇರುವವರಲ್ಲಿ ಬಾಕಿ ರಿಪೋರ್ಟುಗಳೇ ಏಳೆಂಟು ಇರುತ್ತವೆ. ಎಲ್ಲವನ್ನೂ ಮೊದಲ ಪುಟಕ್ಕೆ ತುರುಕಿದರೆ ಮತ್ತೆ ಅದೇ ಕಾಡು. ಫಲಿತಾಂಶ ಹೀಗೆ ಬಂದರೆ ಚಿಕಿತ್ಸೆ ಬದಲಾಗುತ್ತದೆ ಎನ್ನುವಂಥವು ಮಾತ್ರ ಮೇಲೆ ಬರಬೇಕು, ಉಳಿದವು ಒಳಗಿನ ಪುಟದಲ್ಲಿರಲಿ. ಯಾವುದು ಅಂಥದ್ದು ಎಂದು ಆರಿಸುವುದು ಹಿರಿಯ ಡಾಕ್ಟರ ಕೆಲಸ, ರಾತ್ರಿ ಪಾಳಿಯ ಕಿರಿಯರಿಂದ ಆಗದು. ರೌಂಡ್ಸ್‌ನಲ್ಲಿ "ಕಳಿಸಿಬಿಡಿ" ಎನ್ನುವಾಗಲೇ "ಏನೇನು ಬಾಕಿ ಇದೆ?" ಎಂದು ಒಂದು ಪ್ರಶ್ನೆ ಕೇಳಿದರೆ ಅರ್ಧ ಕೆಲಸ ಮುಗಿಯಿತು. ಇನ್ನರ್ಧ, ದಾಖಲಾಗುವ ದಿನವೇ ಊರಿನ ಡಾಕ್ಟರ ಹೆಸರು ಫೋನು ಬರೆದುಕೊಳ್ಳುವುದು. ಅರ್ಜಿಯಲ್ಲಿ ಅದಕ್ಕೊಂದು ಜಾಗ ಇರುತ್ತದೆ, ಅನೇಕ ಸಲ ಖಾಲಿ ಬಿಟ್ಟಿರುತ್ತಾರೆ. ಖಾಲಿ ಬಿಟ್ಟರೆ ಇಷ್ಟೆಲ್ಲ ಬರೆದ ಪುಟ ಯಾರಿಗೆ ಎನ್ನುವುದೇ ಗೊತ್ತಿರುವುದಿಲ್ಲ.

ನಿಮ್ಮ ಮನೆಯವರು ಯಾರಾದರೂ ಆಸ್ಪತ್ರೆಯಿಂದ ಹೊರಡುವ ದಿನ ಬಂದಾಗ, ಬಿಲ್ಲು ಕಟ್ಟುವ ಗಡಿಬಿಡಿ ಶುರುವಾಗುವ ಮೊದಲು ವಾರ್ಡಿನ ಡಾಕ್ಟರನ್ನು ಕೇಳಿ: "ಇನ್ನೂ ಬರಬೇಕಾದ ರಿಪೋರ್ಟ್ ಇದೆಯಾ ಡಾಕ್ಟ್ರೇ? ಅದನ್ನ ಯಾರು ನೋಡ್ತೀರಿ? ನಿಲ್ಸಿರೋ ಮಾತ್ರೆ ಮತ್ತೆ ಯಾವಾಗ ತಗೋಬೇಕು?" ಉತ್ತರವನ್ನು ಸಮರಿಯ ಮೇಲೇ ಅವರ ಕೈಯಿಂದ ಬರೆಸಿ. ಮೊದಲ ಪುಟದ ಫೋಟೊ ತೆಗೆದು ಊರಿನ ಡಾಕ್ಟರಿಗೆ ಅವತ್ತೇ ವಾಟ್ಸಾಪ್ ಮಾಡಿ. ಆಸ್ಪತ್ರೆಯಲ್ಲಿ ಬರೆಸಿದ ಮೊಬೈಲ್ ನಂಬರು ಯಾರದ್ದು ಎಂದು ಒಮ್ಮೆ ನೋಡಿಕೊಳ್ಳಿ. ಆಮೇಲೆ ರಿಪೋರ್ಟಿಗಾಗಿ ಅಲೆದಾಡಿಸಿದರೆ ಬಾಯಿಮಾತಿನಲ್ಲಿ ಕೇಳುತ್ತಾ ಕೂರಬೇಡಿ, ಬರೆದು ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿಯ ಪ್ರಕಾರ ರೋಗಿ ಅಥವಾ ಅವರ ಪರವಾಗಿ ಅಧಿಕಾರ ಪಡೆದವರು ಕೇಳಿದ ವೈದ್ಯಕೀಯ ದಾಖಲೆಯನ್ನು 72 ಗಂಟೆಯೊಳಗೆ ಕೊಡಬೇಕು.